ಬುಧವಾರ ಬರುತ್ತೇನೆ, ಅಲ್ಲಿಯವರೆಗೆ ಇವರನ್ನು ಕೇಳಿ

ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ರಸ್ತೆಯ ಫಲಕಗಳು ಇಂಗ್ಲಿಷ್ ಮತ್ತು ವೆಲ್ಶ್ ಎರಡೂ ಭಾಷೆಗಳಲ್ಲಿರುತ್ತವೆ. 2008ರಲ್ಲಿ ಅಲ್ಲಿನ ಸ್ವಾನ್ಸಿ ನಗರದ ಆಡಳಿತ ಒಂದು ಹೊಸ ಫಲಕ ಮಾಡಿಸಲು ಹೊರಟಿತು. ಭಾರಿ ವಾಹನಗಳಿಗೆ ಇಲ್ಲಿ ಪ್ರವೇಶವಿಲ್ಲ, ಇದು ಜನವಸತಿ ಇರುವ ಜಾಗ ಎಂದು ಅದು ಹೇಳಬೇಕಾಗಿತ್ತು. ಇಂಗ್ಲಿಷ್ ಸಾಲುಗಳನ್ನು ಅನುವಾದಕ್ಕೆಂದು ಇಮೇಲ್‌ನಲ್ಲಿ ಕಳಿಸಿದರು. ವೆಲ್ಶ್‌ನಲ್ಲಿ ಎರಡು ಸಾಲಿನ ಉತ್ತರ ಬಂತು. ಅದನ್ನೇ ಅನುವಾದವೆಂದು ನಂಬಿ ಬರೆಸಿ ಫಲಕ ನೆಟ್ಟರು. ವೆಲ್ಶ್ ಬಲ್ಲವರು ಆ ದಾರಿಯಲ್ಲಿ ಹೋದಾಗ ಅವರಿಗೆ ಕಂಡದ್ದು ಇದು: 'ನಾನು ಸದ್ಯ ಕಚೇರಿಯಲ್ಲಿಲ್ಲ. ಅನುವಾದದ ಕೆಲಸವೇನಿದ್ದರೂ ಕಳಿಸಿ.'

ಬಂದಿದ್ದದ್ದು ಅನುವಾದಕರ ಔಟ್ ಆಫ್ ಆಫೀಸ್ ಉತ್ತರ. ಈ ಸುದ್ದಿ ಜಗತ್ತೆಲ್ಲ ಸುತ್ತಿತು, ಓದಿದವರೆಲ್ಲ ನಕ್ಕರು. ನನಗೆ ಮಾತ್ರ ಆ ಎರಡು ಸಾಲಿನಲ್ಲಿ ಏನಿಲ್ಲ ಎಂಬುದೇ ಕಣ್ಣಿಗೆ ಹೊಡೆಯಿತು. ಯಾವಾಗ ಬರುತ್ತೇನೆ ಎಂದಿಲ್ಲ. ನಾನಿಲ್ಲದಾಗ ಯಾರನ್ನು ಕೇಳಬೇಕು ಎಂದಿಲ್ಲ. ಕಳಿಸಿದವರು ಓದಬಲ್ಲ ಭಾಷೆಯಲ್ಲೂ ಇಲ್ಲ. ಒಂದು ತಾರೀಕು ಇದ್ದಿದ್ದರೆ, ಅಂಕಿಯನ್ನು ಕಂಡಾದರೂ ಯಾರಿಗೋ ಅನುಮಾನ ಬರುತ್ತಿತ್ತು. ಒಬ್ಬರ ಹೆಸರು, ಒಂದು ಇಮೇಲ್ ವಿಳಾಸ ಇದ್ದಿದ್ದರೆ ಅದನ್ನು ಯಾರೂ ರಸ್ತೆ ಫಲಕದ ಮೇಲೆ ಬರೆಸುತ್ತಿರಲಿಲ್ಲ.

ಹತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಹಿರಿಯ ಅಧಿಕಾರಿಗಳ ಮೀಟಿಂಗ್‌ಗಳ ವೇಳಾಪಟ್ಟಿ ನೋಡಿಕೊಳ್ಳುವ ಕೆಲಸ ಮಾಡಿದ್ದೇನೆ. ದಿನಕ್ಕೆ ಹತ್ತಾರು ಆಟೋ ರಿಪ್ಲೈ ಓದುವುದು ಆ ಕೆಲಸದ ಒಂದು ಭಾಗ. ಓದಿದ ಕೂಡಲೇ ನನ್ನ ಮುಂದಿನ ಹೆಜ್ಜೆ ಏನೆಂದು ತಿಳಿಸಿದವು ಕೆಲವೇ. ಬಹುಪಾಲು 'ನಾನು ರಜೆಯಲ್ಲಿದ್ದೇನೆ, ಮೇಲ್ ನೋಡುವುದು ತಡವಾಗಬಹುದು' ಎಂದಷ್ಟೇ ಹೇಳಿ ನಿಲ್ಲುತ್ತಿದ್ದವು.

ಬಾಗಿಲಿನ ಸ್ಲೇಟು

ಸಣ್ಣ ಊರುಗಳಲ್ಲಿ ಬೆಳೆದವರಿಗೆ ಡಾಕ್ಟರ ಶಾಪಿನ ಬಾಗಿಲಿಗೆ ತೂಗಿದ ಸ್ಲೇಟು ನೆನಪಿರಬಹುದು. 'ಡಾಕ್ಟರು ಊರಿನಲ್ಲಿಲ್ಲ. ಬುಧವಾರ ಬೆಳಿಗ್ಗೆ ಬರುತ್ತಾರೆ. ತುರ್ತಿದ್ದರೆ ಬಸ್ ಸ್ಟ್ಯಾಂಡ್ ಎದುರಿನ ಡಾಕ್ಟರನ್ನು ಕಾಣಿ.' ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಬೇಕಾದದ್ದು ಅಷ್ಟೇ. ಇದು ಬುಧವಾರದವರೆಗೆ ತಡೆಯುವ ಕಾಯಿಲೆಯೋ ಅಲ್ಲವೋ ಎಂದು ಅವಳೇ ಯೋಚಿಸಬಲ್ಲಳು. ತಡೆಯುವುದಾದರೆ ಮನೆಗೆ ಹೋಗುತ್ತಾಳೆ, ಇಲ್ಲದಿದ್ದರೆ ಬಸ್ ಸ್ಟ್ಯಾಂಡಿನ ಕಡೆ ಹೊರಡುತ್ತಾಳೆ. ಡಾಕ್ಟರು ಯಾವ ಊರಿಗೆ ಹೋದರು, ಯಾಕೆ ಹೋದರು ಎಂಬುದು ಅವಳಿಗೆ ಬೇಕಿಲ್ಲ.

ಮೀಟಿಂಗ್ ಕೇಳಿ ಮೇಲ್ ಬರೆದವರ ಸ್ಥಿತಿಯೂ ಇದೇ. ಅವರಿಗಿರುವುದು ಎರಡೇ ಪ್ರಶ್ನೆ: ಕಾಯಬೇಕೆ, ಕಾಯಲು ಆಗದಿದ್ದರೆ ಯಾರ ಬಳಿ ಹೋಗಬೇಕು? ತಾರೀಕು ಮೊದಲನೆಯದಕ್ಕೆ ಉತ್ತರ, ಹೆಸರು ಎರಡನೆಯದಕ್ಕೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಇನ್ನೊಂದು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಹೆಸರಿದ್ದು ತಾರೀಕಿಲ್ಲದಿದ್ದರೆ, ಕಾಯಬಹುದಾದ ಕೆಲಸವೆಲ್ಲ ಆ ಹೆಸರಿನವರ ತಲೆಗೆ ಬೀಳುತ್ತದೆ. ತಾರೀಕಿದ್ದು ಹೆಸರಿಲ್ಲದಿದ್ದರೆ, ಕಾಯಲಾಗದವರು ಕಚೇರಿಯ ಯಾರ್ಯಾರಿಗೋ ಫೋನ್ ಮಾಡುತ್ತಾರೆ.

ಒಂದು ಉದಾಹರಣೆ ಹಿಡಿದು ನೋಡೋಣ. ಬೆಂಗಳೂರಿನ ಒಂದು ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿರುವ ಸವಿತಾ ಎಂಬುವರು ತಂಗಿಯ ಮದುವೆಗೆ ಶಿರಸಿಗೆ ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಡಿಸೆಂಬರ್ 3, ಗುರುವಾರದಿಂದ 8, ಮಂಗಳವಾರದವರೆಗೆ ರಜೆ. 9, ಬುಧವಾರ ಕೆಲಸಕ್ಕೆ ಹಾಜರು. ಅವರ ಗಿರಾಕಿಗಳು ಜರ್ಮನಿಯಲ್ಲೂ ಇದ್ದಾರೆ, ಕ್ಯಾಲಿಫೋರ್ನಿಯಾದಲ್ಲೂ ಇದ್ದಾರೆ. ಅವರಿಲ್ಲದಾಗ ನೋಡಿಕೊಳ್ಳುವವರು ಪಕ್ಕದ ಮೇಜಿನ ಮಂಜುನಾಥ್.

'8ರವರೆಗೆ' ಎಂದರೆ ಎಂದು?

ಸವಿತಾ ಮೊದಲು ಬರೆದದ್ದು ಹೀಗೆ: 'ನಾನು 8/12ರವರೆಗೆ ರಜೆಯಲ್ಲಿದ್ದೇನೆ.' ಓದಲು ಸಲೀಸಾಗಿದೆ, ಆದರೆ ಇದರಲ್ಲಿ ಎರಡು ತೊಡಕುಗಳಿವೆ.

ಮೊದಲನೆಯದು 'ವರೆಗೆ' ಎಂಬ ಮಾತು. ಎಂಟನೇ ತಾರೀಕು ರಜೆಯಲ್ಲಿ ಸೇರಿದೆಯೇ, ಅಥವಾ ಅಂದು ಕಚೇರಿಗೆ ಬಂದಿರುತ್ತಾರೆಯೇ? ಬರೆದವರ ಮನಸ್ಸಿನಲ್ಲಿ ಸ್ಪಷ್ಟವಾಗಿದ್ದದ್ದು ಓದುವವರಿಗೆ ಹಾಗಿರುವುದಿಲ್ಲ. ಒಬ್ಬರು ಎಂಟರ ಬೆಳಿಗ್ಗೆಗೇ ಮೀಟಿಂಗ್ ಇಡುತ್ತಾರೆ, ಇನ್ನೊಬ್ಬರು ಒಂಬತ್ತಕ್ಕೆ. ಹಾಗಾಗಿ ರಜೆ ಮುಗಿಯುವ ದಿನವನ್ನು ಬಿಟ್ಟು, ಕೆಲಸಕ್ಕೆ ಮರಳುವ ದಿನವನ್ನೇ ಬರೆಯುವುದು ಸರಿಯಾದ ದಾರಿ. 'ಬುಧವಾರ, ಡಿಸೆಂಬರ್ 9ಕ್ಕೆ ಕೆಲಸಕ್ಕೆ ಮರಳುತ್ತೇನೆ' ಎಂದರೆ ಎರಡನೇ ಅರ್ಥಕ್ಕೆ ಜಾಗವಿಲ್ಲ. ವಾರದ ಹೆಸರೂ ಜೊತೆಗಿದ್ದರೆ ಅಂಕಿಯಲ್ಲಿ ಕೈತಪ್ಪು ಆಗಿದ್ದರೆ ಓದುವವರಿಗೆ ಕೂಡಲೇ ಗೊತ್ತಾಗುತ್ತದೆ. ಮಂಗಳವಾರ 9 ಎಂದು ಬರೆದಿದ್ದರೆ ಅವರು ಕ್ಯಾಲೆಂಡರ್ ನೋಡಿ ಕೇಳುತ್ತಾರೆ.

ಎರಡನೆಯದು 8/12 ಎಂಬ ಬರಹ. ನಮ್ಮಲ್ಲಿ ಮೊದಲು ದಿನ, ಆಮೇಲೆ ತಿಂಗಳು. ಅಮೆರಿಕದಲ್ಲಿ ಮೊದಲು ತಿಂಗಳು. ಕ್ಯಾಲಿಫೋರ್ನಿಯಾದ ಗಿರಾಕಿಯ ಕಣ್ಣಿಗೆ 8/12 ಎಂದರೆ ಆಗಸ್ಟ್ 12. ಡಿಸೆಂಬರ್ ತಿಂಗಳಲ್ಲಿ ಆಗಸ್ಟಿನ ತಾರೀಕು ಕಂಡರೆ ಇದು ಹಳೆಯ ಆಟೋ ರಿಪ್ಲೈ, ತೆಗೆಯಲು ಮರೆತಿದ್ದಾರೆ ಎಂದು ಅವರು ಭಾವಿಸುವುದು ಸಹಜ. ಭಾವಿಸಿ, ಸವಿತಾರ ಉತ್ತರಕ್ಕಾಗಿ ಕಾಯುತ್ತಾ ಕೂರುತ್ತಾರೆ. ತಿಂಗಳನ್ನು ಅಕ್ಷರದಲ್ಲಿ ಬರೆದರೆ ಈ ತೊಂದರೆಯೇ ಇಲ್ಲ.

ದೂರದ ದೇಶದವರೊಡನೆ ಕೆಲಸವಿದ್ದರೆ ಹೊತ್ತಿನ ಲೆಕ್ಕವೂ ಸೇರಿಕೊಳ್ಳುತ್ತದೆ. ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಅಲ್ಲಿನವರು 'ಒಂಬತ್ತನೇ ತಾರೀಕು ಬೆಳಿಗ್ಗೆ 9ಕ್ಕೆ ಮಾತಾಡೋಣ' ಎಂದರೆ ಬೆಂಗಳೂರಿನಲ್ಲಿ ಅಂದು ರಾತ್ರಿ ಹತ್ತೂವರೆ. ತಾರೀಕಿನ ಪಕ್ಕದಲ್ಲಿ 'ಭಾರತೀಯ ಸಮಯ' ಎಂದು ಸೇರಿಸಿದರೆ ಸಾಕು, ಲೆಕ್ಕ ಹಾಕುವುದನ್ನು ಅವರೇ ಮಾಡಿಕೊಳ್ಳುತ್ತಾರೆ.

ಮರಳುವ ದಿನವೂ ಮೀಟಿಂಗ್‌ಗೆ ಸಿಗುವ ದಿನವೂ ಒಂದೇ ಆಗಬೇಕಿಲ್ಲ. ಆರು ದಿನ ಕಚೇರಿಯಿಂದ ದೂರವಿದ್ದವರಿಗೆ ಮೊದಲ ದಿನವೆಲ್ಲ ಬಂದ ಮೇಲ್‌ಗಳನ್ನು ಓದುವುದರಲ್ಲೇ ಕಳೆಯುತ್ತದೆ. ಅದು ಗೊತ್ತಿದ್ದೂ ಒಂಬತ್ತರ ಬೆಳಿಗ್ಗೆಗೆ ಮೂರು ಮೀಟಿಂಗ್ ಒಪ್ಪಿಕೊಂಡರೆ ಯಾವ ಮೀಟಿಂಗ್‌ಗೂ ತಯಾರಿ ಇರುವುದಿಲ್ಲ. ಕೆಲವರು ಇದಕ್ಕಾಗಿ ಮರಳುವ ತಾರೀಕನ್ನೇ ಒಂದು ದಿನ ಮುಂದಕ್ಕೆ ಹಾಕಿ ಬರೆಯುತ್ತಾರೆ. ಅದಕ್ಕಿಂತ ನಿಜವನ್ನೇ ಹೇಳುವುದು ಒಳ್ಳೆಯದು: 'ಬುಧವಾರ, ಡಿಸೆಂಬರ್ 9ಕ್ಕೆ ಮರಳುತ್ತೇನೆ. ಮೀಟಿಂಗ್‌ಗಳಿಗೆ ಗುರುವಾರ, 10ರಿಂದ ಸಿಗುತ್ತೇನೆ.'

ಹೆಸರು ಕೊಡುವ ಮೊದಲು

ಸರ್ಕಾರಿ ಕಚೇರಿಗಳಲ್ಲಿ 'ಪ್ರಭಾರ' ಎಂಬ ಪದ್ಧತಿಯಿದೆ. ಅಧಿಕಾರಿಯೊಬ್ಬರು ದೀರ್ಘ ರಜೆಯ ಮೇಲೋ ವರ್ಗವಾಗಿಯೋ ಹೊರಟರೆ, ಅವರ ಕೆಲಸ ಯಾರಿಗೆ ಎಂದು ಆದೇಶವಾಗುತ್ತದೆ. ಪ್ರಭಾರ ವಹಿಸಿಕೊಟ್ಟವರು, ವಹಿಸಿಕೊಂಡವರು ಇಬ್ಬರೂ ಒಂದು ಪತ್ರಕ್ಕೆ ಸಹಿ ಹಾಕುತ್ತಾರೆ. ಸಿಟಿಸಿ ಎಂದು ಕಚೇರಿಯ ಮಾತಿನಲ್ಲಿ ಅದಕ್ಕೆ ಹೆಸರು. ಅದರಲ್ಲಿರುವ ಎರಡನೇ ಸಹಿ ಬಹಳ ಮುಖ್ಯವಾದದ್ದು. ಹೌದು, ಈ ದಿನದಿಂದ ಇದು ನನ್ನ ಹೊಣೆ ಎಂದು ವಹಿಸಿಕೊಂಡವರು ಅಲ್ಲಿ ಒಪ್ಪಿಕೊಂಡಿರುತ್ತಾರೆ.

ಆಟೋ ರಿಪ್ಲೈಯಲ್ಲಿ ಆ ಎರಡನೇ ಸಹಿಗೆ ಜಾಗವಿಲ್ಲ. ಯಾರ ಹೆಸರನ್ನಾದರೂ ಯಾರು ಬೇಕಾದರೂ ಬರೆಯಬಹುದು. ಹಾಗೆ ಬರೆದು ಆದ ಒಂದು ಪೇಚು ನನಗೆ ಇನ್ನೂ ನೆನಪಿದೆ. ನಾನಿದ್ದ ಒಂದು ಕಚೇರಿಯಲ್ಲಿ ಇಬ್ಬರು ಮ್ಯಾನೇಜರ್‌ಗಳು ಒಬ್ಬರಿಲ್ಲದಾಗ ಇನ್ನೊಬ್ಬರ ಹೆಸರು ಕೊಡುವುದನ್ನು ರೂಢಿ ಮಾಡಿಕೊಂಡಿದ್ದರು. ಒಮ್ಮೆ ಇಬ್ಬರೂ ಒಂದೇ ವಾರ ರಜೆ ಹಾಕಿದರು. ಪ್ರತಿ ಸಲದಂತೆ ಇವರ ಉತ್ತರದಲ್ಲಿ ಅವರ ಹೆಸರು, ಅವರ ಉತ್ತರದಲ್ಲಿ ಇವರ ಹೆಸರು. ಆ ವಾರ ಒಬ್ಬ ಗಿರಾಕಿ ಒಪ್ಪಂದದ ನವೀಕರಣಕ್ಕೆ ಮೀಟಿಂಗ್ ಕೇಳಿದ್ದರು. ಅವರಿಗೆ ಮೊದಲ ಉತ್ತರ ಬಂತು, ಅದು ಹೇಳಿದವರಿಗೆ ಬರೆದರು, ಅಲ್ಲಿಂದ ಮೊದಲಿನವರನ್ನೇ ಕೇಳಿ ಎಂಬ ಉತ್ತರ ಬಂತು. ವಾರ ಕಳೆದ ಮೇಲೆ ಅವರು ಬೇರೆ ಕಂಪನಿಯ ಜೊತೆ ಮಾತುಕತೆ ಶುರುಮಾಡಿದ್ದರು. ಆ ಎರಡೂ ಉತ್ತರಗಳನ್ನು ಟೈಪ್ ಮಾಡಿ ಹಾಕಿದವಳು ನಾನೇ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಅಂದಿನಿಂದ ಹೆಸರು ಬರೆಯುವ ಮೊದಲು ನಾನು ಮೂರು ವಿಷಯ ಕೇಳಿ ತಿಳಿದುಕೊಳ್ಳುತ್ತೇನೆ. ಆ ದಿನಗಳಲ್ಲೆಲ್ಲ ಅವರು ಕಚೇರಿಯಲ್ಲಿರುತ್ತಾರೆಯೇ? ತಮ್ಮ ಹೆಸರು ಕೊಡುವುದಕ್ಕೆ ಒಪ್ಪಿದ್ದಾರೆಯೇ? ಮೀಟಿಂಗ್ ವಿಷಯದಲ್ಲಿ ಅವರು ಏನನ್ನು ತೀರ್ಮಾನಿಸಬಲ್ಲರು?

ಮೂರನೆಯದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಸವಿತಾ ಹೊರಡುವ ಮುಂಚಿನ ದಿನ ಮಂಜುನಾಥ್ ಜೊತೆ ಕಾಲು ಗಂಟೆ ಕೂತು ಈ ಮಾತಾಡಬೇಕು. ಜರ್ಮನಿಯವರು ಪರೀಕ್ಷೆಯ ಫಲಿತಾಂಶದ ಬಗ್ಗೆ ಮೀಟಿಂಗ್ ಕೇಳಿದರೆ ಮಂಜುನಾಥ್ ತಾವೇ ಹೋಗಬಹುದು. ದರದ ಮಾತು ಬಂದರೆ ಯಾವ ಮಾತನ್ನೂ ಕೊಡದೆ, 10ನೇ ತಾರೀಕಿನ ನಂತರಕ್ಕೆ ಹೊತ್ತು ಗೊತ್ತುಮಾಡಬೇಕು. ಸವಿತಾರಿಗೆ ಫೋನ್ ಮಾಡಬೇಕಾದ ಸಂದರ್ಭ ಒಂದೇ, ಗಿರಾಕಿಯ ಕೆಲಸವೇ ನಿಂತುಹೋದಾಗ. ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಅವರಿಗೆ ಮೇಲ್ ಮಾಡಿದರೆ ಅದೇ ಅವರಿಬ್ಬರ ನಡುವಿನ ಸಿಟಿಸಿ. 'ಸರಿ, ನೋಡಿಕೊಳ್ಳುತ್ತೇನೆ' ಎಂದು ಮಂಜುನಾಥ್ ಉತ್ತರಿಸಿದರೆ ಎರಡನೇ ಸಹಿಯೂ ಬಿದ್ದಂತೆ.

ತುರ್ತು ಯಾವುದು?

'ತುರ್ತಿದ್ದರೆ ಮಂಜುನಾಥ್ ಅವರನ್ನು ಸಂಪರ್ಕಿಸಿ' ಎಂದು ಬರೆದರೆ, ತಮ್ಮ ಕೆಲಸ ತುರ್ತೇ ಎಂದು ಪ್ರತಿಯೊಬ್ಬರಿಗೂ ಅನ್ನಿಸುತ್ತದೆ. ಈ ಮಾತಿಗೊಂದು ಅಳತೆ ಬೇಕು, ಆ ಅಳತೆ ಉತ್ತರದಲ್ಲೇ ಇದೆ: ಮರಳುವ ತಾರೀಕು. ಆ ತಾರೀಕಿಗೆ ಮೊದಲೇ ನಡೆಯಲೇಬೇಕಾದ ಮೀಟಿಂಗ್ ತುರ್ತು. ಉಳಿದದ್ದಲ್ಲ. ಹಾಗೆಂದು ಬರೆದುಬಿಟ್ಟರೆ ಓದುವವರು ತಮ್ಮ ಬೇಡಿಕೆಯನ್ನು ತಾವೇ ತೂಗಿ ನೋಡುತ್ತಾರೆ.

ಇನ್ನೊಂದು ಸಂಗತಿಯನ್ನು ಬಿಡಿಸಿ ಹೇಳಲೇಬೇಕು. ಆಟೋ ರಿಪ್ಲೈ ಬರಿಯ ಉತ್ತರ. ಬಂದ ಮೇಲನ್ನು ಅದು ಯಾರಿಗೂ ಮುಂದೆ ಕಳಿಸುವುದಿಲ್ಲ. ಆದರೆ ಉತ್ತರದಲ್ಲಿ ಇನ್ನೊಬ್ಬರ ಹೆಸರು ಕಂಡ ಕೂಡಲೇ, ತನ್ನ ಪತ್ರ ಅವರ ಕೈ ಸೇರಿದೆ ಎಂದು ನಂಬುವವರು ಬಹಳ ಮಂದಿ. ಅವರು ಸುಮ್ಮನಿರುತ್ತಾರೆ, ಮಂಜುನಾಥ್‌ಗೆ ವಿಷಯವೇ ಗೊತ್ತಿರುವುದಿಲ್ಲ. ಸವಿತಾ ಮರಳಿದ ಮೇಲೆ 'ನಿಮ್ಮವರು ಉತ್ತರವನ್ನೇ ಕೊಡಲಿಲ್ಲ' ಎಂಬ ದೂರು ಬರುತ್ತದೆ. ಆದ್ದರಿಂದ ಒಂದು ಸಾಲು ಹೆಚ್ಚಾದರೂ ಪರವಾಗಿಲ್ಲ, ಅದನ್ನು ಹೇಳಿಬಿಡಬೇಕು.

ಇಷ್ಟೆಲ್ಲ ಸೇರಿ ಸವಿತಾರ ಉತ್ತರ ಹೀಗಾಯಿತು:

'ನಮಸ್ಕಾರ. ನಾನು ರಜೆಯಲ್ಲಿದ್ದೇನೆ. ಬುಧವಾರ, ಡಿಸೆಂಬರ್ 9ಕ್ಕೆ (ಭಾರತೀಯ ಸಮಯ) ಕೆಲಸಕ್ಕೆ ಮರಳುತ್ತೇನೆ. ಮೀಟಿಂಗ್‌ಗಳಿಗೆ ಗುರುವಾರ, 10ರಿಂದ ಸಿಗುತ್ತೇನೆ. ಅದಕ್ಕೂ ಮೊದಲೇ ನಡೆಯಬೇಕಾದ ಮೀಟಿಂಗ್ ಇದ್ದರೆ ದಯವಿಟ್ಟು ಮಂಜುನಾಥ್ ಅವರಿಗೆ ಬರೆಯಿರಿ. ಈ ನಿಮ್ಮ ಮೇಲ್ ಅವರಿಗೆ ತಲುಪಿರುವುದಿಲ್ಲ, ಹಾಗಾಗಿ ಅವರಿಗೆ ಮತ್ತೊಮ್ಮೆ ಕಳಿಸಬೇಕು. ಉಳಿದ ವಿಷಯಗಳಿಗೆ ನಾನು ಬಂದ ಮೇಲೆ ಉತ್ತರಿಸುತ್ತೇನೆ.'

ಮಂಜುನಾಥ್ ಹೆಸರಿನ ಪಕ್ಕದಲ್ಲಿ ಅವರ ಕಚೇರಿಯ ಇಮೇಲ್ ವಿಳಾಸ ಇರುತ್ತದೆ. ಮೇಲಿನ ವಿಷಯದ ಸಾಲಿನಲ್ಲೂ 'ರಜೆಯಲ್ಲಿದ್ದೇನೆ, ಡಿಸೆಂಬರ್ 9ಕ್ಕೆ ಮರಳುತ್ತೇನೆ' ಎಂದೇ ಇರುತ್ತದೆ, ಏಕೆಂದರೆ ಫೋನಿನಲ್ಲಿ ನೋಡುವವರು ಎಷ್ಟೋ ಸಲ ಆ ಸಾಲನ್ನು ಮಾತ್ರ ಓದುತ್ತಾರೆ. ಇದೇ ಒಕ್ಕಣೆ ಇಂಗ್ಲಿಷ್‌ನಲ್ಲೂ ಕೆಳಗಿರುತ್ತದೆ. ಸ್ವಾನ್ಸಿಯ ಫಲಕ ಕಲಿಸಿದ ಪಾಠವದು: ಕಳಿಸಿದವರು ಓದಬಲ್ಲ ಭಾಷೆಯಲ್ಲಿ ಉತ್ತರ ಇರಬೇಕು.

ಮೇಲ್ ಬೇರೆ, ಕ್ಯಾಲೆಂಡರ್ ಬೇರೆ

ಉತ್ತರ ಇಷ್ಟು ಚೆನ್ನಾಗಿದ್ದರೂ ಸವಿತಾರ ಮೀಟಿಂಗ್‌ಗಳು ಎಡವಟ್ಟಾಗಬಹುದು. ಏಕೆಂದರೆ ಈಗ ಮೀಟಿಂಗ್ ಕೇಳುವವರಲ್ಲಿ ಬಹಳ ಮಂದಿ ಪತ್ರ ಬರೆಯುವುದಿಲ್ಲ. ನೇರವಾಗಿ ಕ್ಯಾಲೆಂಡರ್ ತೆರೆದು, ಸವಿತಾ ಯಾವಾಗ ಖಾಲಿ ಇದ್ದಾರೆ ಎಂದು ನೋಡಿ, ಆ ಹೊತ್ತಿಗೆ ಇನ್ವೈಟ್ ಕಳಿಸುತ್ತಾರೆ. ಮೇಲ್‌ನಲ್ಲಿ ಮಾತ್ರ ರಜೆ ಹಾಕಿ ಕ್ಯಾಲೆಂಡರ್ ಹಾಗೇ ಬಿಟ್ಟಿದ್ದರೆ, ಸೋಮವಾರ ಮಧ್ಯಾಹ್ನ ಮೂರೂವರೆ ಅಲ್ಲಿ ಖಾಲಿ ಎಂದೇ ಕಾಣುತ್ತದೆ. ಜರ್ಮನಿಯಲ್ಲಿ ಅದು ಬೆಳಿಗ್ಗೆ ಹನ್ನೊಂದು ಗಂಟೆ, ಮೀಟಿಂಗ್‌ಗೆ ಹೇಳಿ ಮಾಡಿಸಿದ ಹೊತ್ತು. ಇನ್ವೈಟ್ ಬಂದು ಕ್ಯಾಲೆಂಡರಿನಲ್ಲಿ ಕೂರುತ್ತದೆ. ಏಳನೇ ತಾರೀಕು ಎಂಟು ಜನ ಸೇರಿ ಸವಿತಾರಿಗಾಗಿ ಕಾಯುತ್ತಾರೆ.

ಹಾಗಾಗಿ ರಜೆಯನ್ನು ಎರಡು ಕಡೆ ಹೇಳಬೇಕು. ಕಚೇರಿ ಅಥವಾ ಶಾಲೆಯ ಗೂಗಲ್ ಖಾತೆ ಇರುವವರು ಗೂಗಲ್ ಕ್ಯಾಲೆಂಡರಿನಲ್ಲಿ `Out of office` ಎಂಬ ಬಗೆಯ ದಿನ ಗುರುತು ಹಾಕಬಹುದು. ಅದರಲ್ಲಿ `Automatically decline meetings` ಎಂಬುದನ್ನು ಆರಿಸಿದರೆ ಆ ದಿನಗಳಿಗೆ ಬರುವ ಇನ್ವೈಟ್‌ಗಳನ್ನು ಅದೇ ನಿರಾಕರಿಸುತ್ತದೆ. ನಿರಾಕರಣೆಯ ಜೊತೆ ಹೋಗುವ ಒಕ್ಕಣೆಯನ್ನು ನಾವೇ ಬರೆಯಬಹುದು, ಮಂಜುನಾಥ್ ಹೆಸರು ಅಲ್ಲೂ ಇರಬೇಕು. ಔಟ್‌ಲುಕ್‌ನ ವೆಬ್ ಆವೃತ್ತಿಯಲ್ಲಿ ಆಟೋ ರಿಪ್ಲೈ ಹಾಕುವ ಪುಟದಲ್ಲೇ ಇದಕ್ಕೆ ಆಯ್ಕೆಗಳಿವೆ. `Block my calendar for this period` ಎಂಬುದು ಆ ದಿನಗಳನ್ನು ಮುಚ್ಚುತ್ತದೆ, ಅದರ ಕೆಳಗಿನದು ಆ ದಿನಗಳಿಗೆ ಬರುವ ಹೊಸ ಇನ್ವೈಟ್‌ಗಳನ್ನು ನಿರಾಕರಿಸುತ್ತದೆ.

ಅಲ್ಲೇ ಇರುವ `Decline and cancel my meetings during this period` ಎಂಬುದನ್ನು ಒತ್ತುವ ಮೊದಲು ಮಾತ್ರ ಒಮ್ಮೆ ನಿಲ್ಲಬೇಕು. ಬೇರೆಯವರು ಕರೆದ ಮೀಟಿಂಗ್ ಆದರೆ ಅದು ಸವಿತಾ ಬರುವುದಿಲ್ಲ ಎಂದಷ್ಟೇ ತಿಳಿಸುತ್ತದೆ. ಸವಿತಾ ತಾವೇ ಕರೆದ ಮೀಟಿಂಗ್ ಆದರೆ ಎಲ್ಲರ ಕ್ಯಾಲೆಂಡರಿನಿಂದಲೂ ಅದು ರದ್ದಾಗುತ್ತದೆ. ಅವರಿಲ್ಲದೆಯೂ ತಂಡ ನಡೆಸಿಕೊಂಡು ಹೋಗಬಹುದಾಗಿದ್ದ ಸೋಮವಾರದ ಮೀಟಿಂಗ್ ಹೀಗೆ ಮಾಯವಾಗಿಬಿಡುತ್ತದೆ. ತಾವೇ ಕರೆದ ಮೀಟಿಂಗ್‌ಗಳನ್ನು ಒಂದೊಂದಾಗಿ ನೋಡಿ, ನಡೆಯಬೇಕಾದದ್ದನ್ನು ಮಂಜುನಾಥ್‌ಗೆ ವಹಿಸಿ, ಉಳಿದದ್ದನ್ನು ರದ್ದು ಮಾಡುವುದು ಹತ್ತು ನಿಮಿಷದ ಕೆಲಸ.

ಮಂಜುನಾಥ್ ಕೈಗೆ ಕೀಲಿಯೂ ಬೇಕು. ಸವಿತಾರ ಪರವಾಗಿ 10ರ ನಂತರಕ್ಕೆ ಮೀಟಿಂಗ್ ಗೊತ್ತುಮಾಡಬೇಕಾದರೆ ಅವರ ಕ್ಯಾಲೆಂಡರಿನಲ್ಲಿ ಬರೆಯುವ ಅನುಮತಿ ಇರಬೇಕು. ಗೂಗಲ್‌ನಲ್ಲಿ ಕ್ಯಾಲೆಂಡರನ್ನು ಅವರೊಡನೆ ಹಂಚಿಕೊಂಡು `Make changes to events` ಎಂಬ ಅನುಮತಿ ಕೊಟ್ಟರೆ ಅದು ಸಾಧ್ಯ. ನೋಡುವ ಅನುಮತಿ ಮಾತ್ರ ಕೊಟ್ಟರೆ, ಸವಿತಾ ಯಾವಾಗ ಬಿಡುವಾಗಿದ್ದಾರೆಂದು ಅವರು ನೋಡಬಲ್ಲರೇ ಹೊರತು ಆ ಹೊತ್ತನ್ನು ಹಿಡಿದಿಡಲಾರರು.

ಉತ್ತರ ಎಲ್ಲರಿಗೂ ಹೋಗುವುದಿಲ್ಲ

ರಜೆಯ ಉತ್ತರ ಕಳಿಸುವ ಮೊದಮೊದಲ ಪ್ರೋಗ್ರಾಂಗಳಲ್ಲೊಂದರ ಹೆಸರು `vacation`. ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ, 1980ರ ದಶಕದಲ್ಲಿ, ಎರಿಕ್ ಆಲ್ಮನ್ ಅದನ್ನು ಬರೆದರು. ಇಮೇಲ್ ಸಾಗಿಸುವ `sendmail` ಎಂಬ ಹೆಸರಾಂತ ತಂತ್ರಾಂಶ ಬರೆದವರೂ ಅವರೇ. ರಜೆಯ ಉತ್ತರದಲ್ಲಿ ಒಂದು ಅಪಾಯವಿತ್ತು. ಇಬ್ಬರು ರಜೆಯಲ್ಲಿದ್ದಾರೆ ಎನ್ನಿ. ಒಬ್ಬರ ಯಂತ್ರ ಕಳಿಸಿದ ಉತ್ತರಕ್ಕೆ ಇನ್ನೊಬ್ಬರ ಯಂತ್ರ ಉತ್ತರಿಸುತ್ತದೆ, ಅದಕ್ಕೆ ಮೊದಲಿನದು ಮತ್ತೆ ಉತ್ತರಿಸುತ್ತದೆ. ಯಾರೂ ತಡೆಯದಿದ್ದರೆ ಇಬ್ಬರ ಪೆಟ್ಟಿಗೆಯೂ ರಾತ್ರಿ ಬೆಳಗಾಗುವುದರೊಳಗೆ ತುಂಬಿಹೋಗುತ್ತದೆ. ಅದಕ್ಕಾಗಿ `vacation` ತಾನು ಯಾರಿಗೆ ಉತ್ತರಿಸಿದೆ ಎಂಬ ಪಟ್ಟಿ ಇಟ್ಟುಕೊಳ್ಳುತ್ತಿತ್ತು. ಒಬ್ಬರಿಗೆ ಉತ್ತರಿಸಿದ ಮೇಲೆ, ಬೇರೆ ಹೇಳದಿದ್ದರೆ, ಒಂದು ವಾರ ಅವರಿಗೆ ಮತ್ತೆ ಉತ್ತರಿಸುತ್ತಿರಲಿಲ್ಲ. ನಮ್ಮ ವಿಳಾಸ ಪತ್ರದ ಮೇಲೆ ನೇರವಾಗಿ ಇಲ್ಲದಿದ್ದರೂ, ಅಂದರೆ ಗುಂಪಿನ ವಿಳಾಸಕ್ಕೆ ಬಂದ ಪತ್ರವಾಗಿದ್ದರೂ, ಸುಮ್ಮನಿರುತ್ತಿತ್ತು. 2004ರಲ್ಲಿ ಇಂಥ ನಿಯಮಗಳನ್ನು ಕೀತ್ ಮೂರ್ ಅವರು RFC 3834 ಎಂಬ ದಾಖಲೆಯಲ್ಲಿ ಬರೆದಿಟ್ಟರು. ಯಂತ್ರ ಕಳಿಸಿದ ಉತ್ತರದ ತಲೆಬರಹದಲ್ಲಿ ಈ ಸಾಲು ಇರಬೇಕೆಂದು ಅದು ಹೇಳುತ್ತದೆ:

```
Auto-Submitted: auto-replied
```

ಈ ಸಾಲು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು ಯಂತ್ರ ಅದನ್ನು ಓದಿ, ಇದಕ್ಕೆ ಉತ್ತರಿಸಬಾರದು ಎಂದು ತಿಳಿದುಕೊಳ್ಳುತ್ತದೆ.

ಈ ಹಳೆಯ ಎಚ್ಚರಿಕೆ ಇಂದಿಗೂ ನಮ್ಮ ಮೇಲ್‌ಗಳಲ್ಲಿ ಉಳಿದಿದೆ. ಜಿಮೇಲ್ ಒಬ್ಬರಿಗೆ ಒಮ್ಮೆ ಉತ್ತರಿಸಿದರೆ, ನಾಲ್ಕು ದಿನ ಕಳೆದ ಮೇಲೆ ಅವರು ಮತ್ತೆ ಬರೆದಾಗಷ್ಟೇ ಇನ್ನೊಮ್ಮೆ ಉತ್ತರಿಸುತ್ತದೆ. ಸ್ಪ್ಯಾಮ್ ಎಂದು ಗುರುತಾದವಕ್ಕೂ ಮೇಲಿಂಗ್ ಲಿಸ್ಟ್‌ನ ಪತ್ರಗಳಿಗೂ ಉತ್ತರಿಸುವುದೇ ಇಲ್ಲ. ಇದರಿಂದ ನಮಗೆ ಗೊತ್ತಾಗಬೇಕಾದದ್ದು ಎರಡು. ಮೊದಲ ಸಲ ಹೋಗುವ ಉತ್ತರವೇ ಸರಿಯಾಗಿರಬೇಕು, ಏಕೆಂದರೆ ಹೆಚ್ಚಿನವರು ನೋಡುವುದು ಅದೊಂದನ್ನೇ. ತಂಡದ ವಿಳಾಸಕ್ಕೆ ಬರೆಯುವವರಿಗೆ ಉತ್ತರ ಹೋಗುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ, ಅವರಿಗೆ ಹೊರಡುವ ಮೊದಲೇ ಹೇಳಿರಬೇಕು.

ಜಿಮೇಲ್‌ನಲ್ಲಿ ಇದನ್ನು ಹಾಕುವ ಜಾಗ `Settings`, `See all settings`, `General`, ಅದರ ಕೆಳಭಾಗದಲ್ಲಿ `Vacation responder`. ಅಲ್ಲಿ `First day`, `Last day` ಎಂದು ಎರಡು ತಾರೀಕು ಕೇಳುತ್ತದೆ. ಮೊದಲ ದಿನ ಮಧ್ಯರಾತ್ರಿ 12ಕ್ಕೆ ಶುರುವಾಗಿ ಕೊನೆಯ ದಿನ ರಾತ್ರಿ 11:59ಕ್ಕೆ ನಿಲ್ಲುತ್ತದೆ. ಹಾಗಾಗಿ ಇಲ್ಲಿ ಲೆಕ್ಕ ತಿರುಗುಮುರುಗು: ಉತ್ತರದ ಒಳಗೆ ಮರಳುವ ದಿನ, 9, ಬರೆದ ಸವಿತಾ `Last day` ಜಾಗದಲ್ಲಿ 8 ಎಂದು ಕೊಡಬೇಕು. 9 ಎಂದು ಕೊಟ್ಟರೆ, ಅವರು ಕಚೇರಿಯಲ್ಲಿ ಕೂತು ಕೆಲಸ ಮಾಡುತ್ತಿದ್ದರೂ ದಿನವಿಡೀ ರಜೆಯ ಉತ್ತರ ಹೋಗುತ್ತಿರುತ್ತದೆ. ಕೊನೆಯ ದಿನವನ್ನೇ ಕೊಡದಿದ್ದರೆ ಕೈಯಾರೆ ನಿಲ್ಲಿಸುವವರೆಗೂ ಅದು ನಿಲ್ಲುವುದಿಲ್ಲ. ಫೆಬ್ರುವರಿಯಲ್ಲಿ 'ಡಿಸೆಂಬರ್ 9ಕ್ಕೆ ಮರಳುತ್ತೇನೆ' ಎಂಬ ಉತ್ತರಗಳು ಬರುವುದು ಹೀಗೆಯೇ.

ಒಳಗಿನವರಿಗೊಂದು, ಹೊರಗಿನವರಿಗೊಂದು

ಔಟ್‌ಲುಕ್‌ನಲ್ಲಿ ಕಚೇರಿಯ ಒಳಗಿನವರಿಗೆ ಒಂದು ಉತ್ತರ, ಹೊರಗಿನವರಿಗೆ ಇನ್ನೊಂದು ಬರೆಯಬಹುದು. ಈ ಸೌಲಭ್ಯವನ್ನು ಬಳಸಿಕೊಳ್ಳುವುದು ಒಳ್ಳೆಯದು. ಒಳಗಿನವರಿಗೆ ಯಾವ ಕೆಲಸಕ್ಕೆ ಯಾರು ಎಂದು ವಿವರ ಕೊಡಬಹುದು. ಹೊರಗಿನವರಿಗೆ ತಾರೀಕು, ಒಬ್ಬರ ಹೆಸರು, ಅವರ ಕಚೇರಿಯ ವಿಳಾಸ ಸಾಕು. ಮೊಬೈಲ್ ನಂಬರ್, ಹೋಗುತ್ತಿರುವ ಊರು, ಮನೆಯವರೆಲ್ಲ ಜೊತೆಗಿದ್ದಾರೆ ಎಂಬ ಸುದ್ದಿ ಬೇಡ. ಆ ಉತ್ತರ ಯಾರ್ಯಾರಿಗೆ ಹೋಗುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಮೇಲಧಿಕಾರಿ ಊರಿನಲ್ಲಿಲ್ಲ ಎಂದು ತಿಳಿದ ಮೋಸಗಾರರು ಅವರ ಹೆಸರಿನಲ್ಲೇ ಲೆಕ್ಕಪತ್ರ ವಿಭಾಗಕ್ಕೆ ಬರೆದು, ಈ ಖಾತೆಗೆ ಕೂಡಲೇ ಹಣ ಹಾಕಿ ಎನ್ನುವ ವಂಚನೆ ಎಲ್ಲೆಡೆ ನಡೆಯುತ್ತಿದೆ. ಅವರನ್ನು ಕೇಳಿ ಖಚಿತಪಡಿಸಿಕೊಳ್ಳಲು ಆಗದ ದಿನಗಳೇ ಆ ವಂಚನೆಗೆ ಅನುಕೂಲ. ಮಂಜುನಾಥ್‌ಗೆ ಕೊಟ್ಟ ನಾಲ್ಕು ಸಾಲಿನಲ್ಲಿ 'ನನ್ನ ಹೆಸರಿನಲ್ಲಿ ಹಣ ಕೇಳಿ ಮೇಲ್ ಬಂದರೆ ನಂಬಬೇಡಿ, ಫೋನ್ ಮಾಡಿ' ಎಂಬ ಐದನೇ ಸಾಲು ಸೇರಿಸುವುದು ಇದಕ್ಕಾಗಿ.

ರಜೆಯಲ್ಲಿರುವವರ ಮನಸ್ಸಿನ ಬಿಡುವಿಗೂ ಈ ಉತ್ತರಕ್ಕೂ ಸಂಬಂಧವಿದೆ. ಜರ್ಮನಿಯ ಡೈಮ್ಲರ್ ಕಂಪನಿ 2014ರಲ್ಲಿ ತನ್ನ ನೌಕರರಿಗೆ ಒಂದು ಆಯ್ಕೆ ಕೊಟ್ಟದ್ದು ಸುದ್ದಿಯಾಗಿತ್ತು. ರಜೆಯಲ್ಲಿದ್ದಾಗ ಬಂದ ಮೇಲ್ ಅಳಿಸಿಹೋಗುತ್ತದೆ. ಇವರು ರಜೆಯಲ್ಲಿದ್ದಾರೆ, ನಿಮ್ಮ ಮೇಲ್ ಅಳಿಸಲಾಗಿದೆ, ಬೇಕಿದ್ದರೆ ಇಂಥವರಿಗೆ ಬರೆಯಿರಿ ಎಂದು ಕಳಿಸಿದವರಿಗೆ ತಿಳಿಸುತ್ತದೆ. ಮರಳಿದ ದಿನ ಪೆಟ್ಟಿಗೆ ಖಾಲಿ. ಕಠಿಣ ಎನ್ನಿಸಬಹುದು, ಆದರೆ ಅದು ನಡೆಯುವುದು ಉತ್ತರದಲ್ಲಿ ಇನ್ನೊಬ್ಬರ ಹೆಸರಿದ್ದು, ಆ ಇನ್ನೊಬ್ಬರು ನಿಜವಾಗಿಯೂ ಉತ್ತರಿಸುವಾಗ ಮಾತ್ರ. ಮೇಲ್ ಅಳಿಸದೆಯೂ ಅಷ್ಟೇ. ಮಂಜುನಾಥ್ ನೋಡಿಕೊಳ್ಳುತ್ತಾರೆ ಎಂಬ ಭರವಸೆ ಇಲ್ಲದಿದ್ದರೆ ಸವಿತಾ ಮದುವೆ ಮಂಟಪದ ಮೂಲೆಯಲ್ಲಿ ನಿಂತು ಫೋನ್ ನೋಡುತ್ತಲೇ ಇರುತ್ತಾರೆ. ಅಲ್ಲಿಂದಲೇ ಒಂದೆರಡು ಮೇಲ್‌ಗೆ ಉತ್ತರಿಸಿದರೆ ಇನ್ನೊಂದು ಕೇಡು. ರಜೆಯಲ್ಲೂ ಸವಿತಾ ಸಿಗುತ್ತಾರೆ ಎಂದು ಗೊತ್ತಾದವರು ಮಂಜುನಾಥ್ ಬಳಿ ಹೋಗುವುದೇ ಇಲ್ಲ.

ಒಂಬತ್ತನೇ ತಾರೀಕು

ಹೊರಡುವ ಹಿಂದಿನ ಸಂಜೆ ಮಾಡಬೇಕಾದ ಒಂದು ಪರೀಕ್ಷೆ ಇದೆ. ಆಟೋ ರಿಪ್ಲೈಯನ್ನು ಅಂದೇ ಶುರುವಾಗುವಂತೆ ಹಾಕಿ, ತಮ್ಮ ಬೇರೊಂದು ವಿಳಾಸದಿಂದ ಕಚೇರಿಯ ವಿಳಾಸಕ್ಕೆ ಒಂದು ಮೇಲ್ ಕಳಿಸಬೇಕು. ಬಂದ ಉತ್ತರವನ್ನು ಹೊರಗಿನವರ ಕಣ್ಣಿನಿಂದ ಓದಬೇಕು. ತಾರೀಕು, ವಾರ ಹೊಂದುತ್ತವೆಯೇ? ಮಂಜುನಾಥ್ ಅವರ ವಿಳಾಸದಲ್ಲಿ ಒಂದಕ್ಷರ ತಪ್ಪಿದ್ದರೂ ತುರ್ತಿನ ಪತ್ರಗಳೆಲ್ಲ ಎಲ್ಲಿಗೋ ಹೋಗುತ್ತವೆ, ಅದನ್ನು ಒತ್ತಿ ನೋಡಬೇಕು. ಹೋದ ವರ್ಷದ ಉತ್ತರವನ್ನೇ ತಿದ್ದಿ ಹಾಕಿದ್ದರೆ ಹಳೆಯ ತಿಂಗಳ ಹೆಸರು ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಬೇಕು.

ಆಮೇಲೆ ಬುಧವಾರ. ಸವಿತಾ ಮೇಜಿನ ಮುಂದೆ ಕೂತು ಪೆಟ್ಟಿಗೆ ತೆರೆಯುತ್ತಾರೆ. ಆಟೋ ರಿಪ್ಲೈ ನಿಂತಿದೆಯೇ ಎಂದು ಮೊದಲು ನೋಡುತ್ತಾರೆ. ಆಮೇಲೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೇಲ್ ಓದುತ್ತಾ ಹೋಗುವುದಿಲ್ಲ. ಮಂಜುನಾಥ್ ಮಂಗಳವಾರ ಸಂಜೆ ಬರೆದಿಟ್ಟ ಪತ್ರವನ್ನು ತೆರೆಯುತ್ತಾರೆ. ಅದರಲ್ಲಿ ಮೂರು ಸಾಲುಗಳಿವೆ. ಜರ್ಮನಿಯವರ ಜೊತೆ ಸೋಮವಾರ ಮೂರೂವರೆಗೆ ಮೀಟಿಂಗ್ ಆಯಿತು, ಪರೀಕ್ಷೆಯ ಫಲಿತಾಂಶ ಅವರಿಗೆ ಒಪ್ಪಿಗೆ. ಕ್ಯಾಲಿಫೋರ್ನಿಯಾದವರು ದರದ ಬಗ್ಗೆ ಮಾತಾಡಬೇಕಂತೆ, ನಿಮ್ಮ ಕ್ಯಾಲೆಂಡರಿನಲ್ಲಿ 11ರ ಬೆಳಿಗ್ಗೆ ಎಂಟೂವರೆಗೆ ಹಾಕಿದ್ದೇನೆ, ಅವರಿಗೆ ಅದು 10ರ ಸಂಜೆ ಏಳು. ಇನ್ನೊಬ್ಬರು ಕರೆದಿದ್ದರು, 9ರವರೆಗೆ ಕಾಯುತ್ತೇನೆ ಎಂದು ಅವರೇ ಹೇಳಿದರು.

ಆ ಮೂರನೆಯವರಿಗೆ ಸವಿತಾ ಅಂದು ಮೊದಲು ಬರೆಯುತ್ತಾರೆ. ತಾರೀಕನ್ನು ನಂಬಿ ಕಾದವರು ಅವರು.